ವಾಲ್ವ್ ಪಿನ್ ಕಿಲುಬು ಹಿಡಿದು ಕೂತರೆ ಬಿಚ್ಚುವುದು ಹೇಗೆ?

ನನ್ನ ಮೇಜಿನ ಮೇಲೆ ಉದ್ದಕ್ಕೆ ಸೀಳಿದ ಒಂದು ಟ್ಯೂಬ್ ವಾಲ್ವ್ ಇದೆ. ಹ್ಯಾಕ್ಸಾ ಬ್ಲೇಡಿನಿಂದ ನಾನೇ ಸೀಳಿದ್ದು. ಅದರೊಳಗೆ ವಾಲ್ವ್ ಪಿನ್ ಇನ್ನೂ ಹಾಗೇ ಕೂತಿದೆ. ಮೇಲಿನ ಮೂರು ಮಿಲಿಮೀಟರು ಪೂರ್ತಿ ಹಸಿರು ನೀಲಿ. ಥ್ರೆಡ್ಡಿನ ಸಂದಿಗಳಲ್ಲಿ ಏನೋ ಪುಡಿ ಗಟ್ಟಿಯಾಗಿ ತುಂಬಿಕೊಂಡಿದೆ. ಅದರ ಕೆಳಗೆ ಒಂದು ಪುಟ್ಟ ವಾಷರ್. ವಾಷರಿನಿಂದ ಕೆಳಕ್ಕೆ ನೋಡಿದರೆ ಹಿತ್ತಾಳೆ ಹೊಸದರ ಹಾಗೆ ಹೊಳೆಯುತ್ತಿದೆ. ಒಂದೇ ಪಿನ್, ಒಂದೇ ಲೋಹ, ಒಂದೇ ವಯಸ್ಸು. ಮೇಲರ್ಧ ಹಾಳು, ಕೆಳಗರ್ಧ ಹೊಸದು. ಪಿನ್ ಯಾಕೆ ಜಾಮ್ ಆಗುತ್ತದೆ, ಹೇಗೆ ಬಿಚ್ಚಬೇಕು ಅನ್ನೋದು ಈ ಸೀಳಿನಲ್ಲೇ ಕಾಣುತ್ತದೆ.

ಈ ವಾಲ್ವ್ ನಮ್ಮ ಚಿಕ್ಕಪ್ಪನ ಬೈಕಿನದು. ಅವರ ಊರು ಹರಿಹರದ ಹತ್ತಿರ, ಭದ್ರಾ ಕಾಲುವೆ ಬಯಲಿನಲ್ಲಿ. ಹಳೆಯ ಬೈಕು ಒಂದು ವರ್ಷದಿಂದ ಕೊಟ್ಟಿಗೆಯಲ್ಲಿ, ಎಮ್ಮೆಗಳ ಪಕ್ಕ, ಗೋಡೆಗೆ ಒರಗಿ ನಿಂತಿತ್ತು. ಮಳೆ ಶುರುವಾಗಿ ಹೊಲದ ಓಡಾಟ ಜಾಸ್ತಿಯಾದಾಗ ಚಿಕ್ಕಪ್ಪನಿಗೆ ಅದರ ನೆನಪಾಯಿತು. ಗಾಳಿ ಹೊಡೆಸೋಣ ಎಂದು ತಳ್ಳಿಕೊಂಡು ಹೋದರೆ ಮುಂದಿನ ಚಕ್ರಕ್ಕೆ ಗಾಳಿ ಹೋಯಿತು, ಆದರೆ ನಿಲ್ಲಲಿಲ್ಲ. ಹಿಂದಿನದಕ್ಕೆ ಹೋಗಲೇ ಇಲ್ಲ. ಅಂಗಡಿಯವನು, "ಪಿನ್ ಜಾಮ್ ಆಗೈತಿ, ಟ್ಯೂಬೇ ಹೊಸದು ಹಾಕ್ಸಿಬಿಡ್ರಿ" ಅಂದನಂತೆ. ಚಿಕ್ಕಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲ. ದಾವಣಗೆರೆಯಲ್ಲಿದ್ದ ನನಗೆ ಫೋನ್ ಬಂತು. "ಇಷ್ಟುದ್ದದ ಪಿನ್ನಿಗೆ ಟ್ಯೂಬ್ ಯಾಕ್ ಒಗೀಬೇಕಪಾ? ಬಿಚ್ಚಾಕ್ ಬರಲ್ಲೇನು?"

ಬರುತ್ತದೆ. ಯಾವಾಗಲೂ ಅಲ್ಲ.

## ವಾಲ್ವ್ ಬೇರೆ, ವಾಲ್ವ್ ಪಿನ್ ಬೇರೆ

ಚಕ್ರದಿಂದ ಹೊರಗೆ ಚಾಚಿಕೊಂಡ ಕೊಳವೆಯೇ ವಾಲ್ವ್. ಟ್ಯೂಬ್ ಇರುವ ಬೈಕಿನಲ್ಲಿ ಅದು ಹಿತ್ತಾಳೆಯದು, ಬುಡದಲ್ಲಿ ಟ್ಯೂಬಿನ ರಬ್ಬರಿಗೆ ಅಂಟಿಸಿರುತ್ತಾರೆ. ಟ್ಯೂಬ್‌ಲೆಸ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹೊರಗೆ ರಬ್ಬರ್, ಒಳಗೆ ಹಿತ್ತಾಳೆ ಕೊಳವೆ ಇರುವ ವಾಲ್ವನ್ನು ರಿಮ್ಮಿನ ತೂತಿಗೆ ಎಳೆದು ಕೂರಿಸಿರುತ್ತಾರೆ.

ಕೊಳವೆಯ ಬಾಯೊಳಗೆ ಬಗ್ಗಿ ನೋಡಿದರೆ ನಡುವೆ ಒಂದು ಸಣ್ಣ ಕಡ್ಡಿಯ ತುದಿ ಕಾಣುತ್ತದೆ. ಅದನ್ನು ಉಗುರಿನಿಂದ ಒತ್ತಿದರೆ ಪುಸ್ಸೆಂದು ಗಾಳಿ ಬರುತ್ತದೆ, ಅಲ್ವಾ? ಆ ಕಡ್ಡಿಯೂ, ಅದನ್ನು ಹಿಡಿದಿರುವ ಸ್ಪ್ರಿಂಗ್, ವಾಷರ್, ಥ್ರೆಡ್ ಇರುವ ತಲೆ ಎಲ್ಲ ಸೇರಿ ಒಂದು ಬಿಡಿಭಾಗ. ಪಂಚರ್ ಅಂಗಡಿಗಳಲ್ಲಿ ಇದಕ್ಕೆ ವಾಲ್ವ್ ಪಿನ್ ಅನ್ನುತ್ತಾರೆ, ಅವಸರದಲ್ಲಿ ವಾಲ್ ಪಿನ್. ಇದನ್ನು ಪೂರ್ತಿ ತಿರುಗಿಸಿ ಹೊರಗೆ ತೆಗೆಯಬಹುದು, ಹೊಸದು ಹಾಕಬಹುದು.

ಮನೆಯ ಬಾಗಿಲಿಗೆ ಹೋಲಿಸಿ ನೋಡಿ. ವಾಲ್ವ್ ಅಂದರೆ ಗೋಡೆಗೆ ಕೂರಿಸಿದ ಚೌಕಟ್ಟು. ಪಿನ್ ಅಂದರೆ ಅದಕ್ಕೆ ಹಾಕಿದ ಬಾಗಿಲು, ಬೀಗ ಎಲ್ಲ. ಬೀಗ ಕೆಟ್ಟರೆ ಗೋಡೆ ಒಡೆಯುವುದಿಲ್ಲ.

ಈ ಮಾದರಿ 1890ರ ದಶಕದ್ದು. ನ್ಯೂಯಾರ್ಕಿನ ಶ್ರೇಡರ್ ಎಂಬುವವರ ಹೆಸರಿನಲ್ಲಿ ಇಂದಿಗೂ ಶ್ರೇಡರ್ ವಾಲ್ವ್ ಎನ್ನುತ್ತಾರೆ. ಪಿನ್ನಿನ ಥ್ರೆಡ್ ಅಳತೆ ಜಗತ್ತಿನಲ್ಲೆಲ್ಲ ಒಂದೇ: ಸುಮಾರು 5.3 ಮಿಲಿಮೀಟರ್ ದಪ್ಪ, ಒಂದು ಇಂಚಿಗೆ 36 ಸುತ್ತು. ಹಾಗಾಗಿ ಸ್ಕೂಟಿ, ಕಾರು, ಈ ವಾಲ್ವ್ ಇರುವ ಗೇರ್ ಸೈಕಲ್ಲು ಮೂರಕ್ಕೂ ಪಿನ್ ಬಿಚ್ಚಲು ಒಂದೇ ಕೀ ಸಾಕು. ಹಳೆಯ ಸಾದಾ ಸೈಕಲ್ಲಿನ, ರಬ್ಬರ್ ನಳಿಕೆ ಏರಿಸುವ ವಾಲ್ವ್ ಮಾತ್ರ ಬೇರೆ ಜಾತಿ. ಈ ಲೇಖನದಲ್ಲಿ ಅದರ ಮಾತಿಲ್ಲ.

ಪಿನ್ನಿನ ರಚನೆಯಲ್ಲಿ ಒಂದು ವಿಷಯ ಮುಖ್ಯ. ಥ್ರೆಡ್ ಇರುವುದು ತಲೆಯ ಭಾಗದಲ್ಲಿ ಮಾತ್ರ, ಅದೂ ಮೂರು ಮಿಲಿಮೀಟರಿನಷ್ಟು. ಅದರ ಕೆಳಗೆ ವಾಷರ್. ಕೊಳವೆಯೊಳಗೆ ಒಂದು ಇಳಿಜಾರಿನ ಅಂಚಿದೆ, ವಾಷರ್ ಹೋಗಿ ಅದರ ಮೇಲೆ ಕೂರುತ್ತದೆ. ಗಾಳಿಯನ್ನು ತಡೆಯುವುದು ಈ ವಾಷರ್ ಮತ್ತು ಕಡ್ಡಿಯ ಕೆಳತುದಿಯ ಸಣ್ಣ ಬಟ್ಟಲು. ಥ್ರೆಡ್ಡಿಗೂ ಗಾಳಿ ತಡೆಯುವುದಕ್ಕೂ ಸಂಬಂಧವಿಲ್ಲ. ಥ್ರೆಡ್ ಸುಮ್ನೆ ವಾಷರನ್ನು ಒತ್ತಿ ಹಿಡಿಯುತ್ತದೆ ಅಷ್ಟೆ.

ಅಂದರೆ ಥ್ರೆಡ್ ಇರುವುದು ವಾಷರಿನ ಹೊರಗಡೆ. ಮಳೆ, ಕೆಸರು, ತೊಳೆದ ನೀರು ಬೀಳುವ ಕಡೆ.

## ಕಿಲುಬು ಹಿಡಿಯುವುದು ಯಾಕೆ

ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು. ದೇವರ ಮನೆಯ ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕದೆ ನಾಲ್ಕು ತಿಂಗಳು ಬಿಟ್ಟರೆ ಸಂದಿಯಲ್ಲಿ ಹಸಿರು ಕಟ್ಟುತ್ತದಲ್ಲ, ಅದೇ. ಹಿತ್ತಾಳೆಯಲ್ಲಿರುವ ತಾಮ್ರ ನೀರು ಮತ್ತು ಗಾಳಿಯ ಜೊತೆ ಸೇರಿ ಆಗುವ ಪದಾರ್ಥ ಅದು. ಮೂಲ ಲೋಹಕ್ಕಿಂತ ಜಾಗ ಜಾಸ್ತಿ ಬೇಡುತ್ತದೆ. ಥ್ರೆಡ್ಡಿನ ನಡುವೆ ಕೂದಲೆಳೆಯಷ್ಟು ಸಂದಿ. ಅಲ್ಲಿ ಕಿಲುಬು ಬೆಳೆದರೆ ಎರಡೂ ಕಡೆಯಿಂದ ಬೆಣೆ ಹೊಡೆದ ಹಾಗೆ.

ವಾಲ್ವಿನ ಬಾಯಿಗೆ ಕ್ಯಾಪ್ ಇದ್ದರೆ ನೀರು ಒಳಗೆ ಹೋಗುವುದಿಲ್ಲ. ಇಲ್ಲದಿದ್ದರೆ ಆ ಬಾಯಿ ಒಂದು ಪುಟ್ಟ ಲೋಟ. ಚಕ್ರ ಯಾವ ಭಂಗಿಯಲ್ಲಿ ನಿಂತಿದೆ ಎನ್ನುವುದರ ಮೇಲೆ ನೀರು ನಿಲ್ಲುತ್ತದೆ. ಬೋರ್‌ವೆಲ್ ನೀರಿನಲ್ಲಿ ಗಾಡಿ ತೊಳೆದರೆ ನೀರು ಆರಿದ ಮೇಲೂ ಉಪ್ಪು ಅಲ್ಲೇ ಉಳಿಯುತ್ತದೆ. ಚಿಕ್ಕಪ್ಪನ ಬೈಕಿನಲ್ಲಿ ಎರಡೂ ಕ್ಯಾಪ್ ಇರಲಿಲ್ಲ. ಗಾಳಿ ಹೊಡೆಯುವಾಗ ಬಿಚ್ಚಿ ಪೆಟ್ರೋಲ್ ಟ್ಯಾಂಕ್ ಮೇಲೆ ಇಟ್ಟಿದ್ದು ಹಾಗೇ ಉರುಳಿ ಹೋಗಿರಬೇಕು. ಎಲ್ಲರ ಕ್ಯಾಪೂ ಹೀಗೇ ಕಳೆಯುತ್ತದೆ.

ಕೊಟ್ಟಿಗೆಯದು ಇನ್ನೊಂದು ಕಥೆ. ಗಂಜಲದಿಂದ ಅಮೋನಿಯಾ ಏಳುತ್ತದೆ, ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಅದೇ. ಅಮೋನಿಯಾ ಮತ್ತು ತೇವ ಸೇರಿದರೆ ಹಿತ್ತಾಳೆಗೆ ಕೇಡು. ಮೇಲ್ಮೈ ಕಿಲುಬು ಹಿಡಿಯುವುದಷ್ಟೇ ಅಲ್ಲ, ಬಿಗಿತದಲ್ಲಿರುವ ಹಿತ್ತಾಳೆ ಒಳಗೊಳಗೇ ಬಿರುಕು ಬಿಡುತ್ತದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯದವರಿಗೆ ಇದೇ ತಲೆನೋವಾಗಿತ್ತು. ಮಳೆಗಾಲದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟ ತೋಟಾಗಳ ಹಿತ್ತಾಳೆ ಕೋಶಗಳು ಯಾರೂ ಮುಟ್ಟದೆಯೇ ಸೀಳುತ್ತಿದ್ದವು. ಕಾರಣ ಕುದುರೆ ಗಂಜಲದ ಅಮೋನಿಯಾ ಎಂದು ಗೊತ್ತಾದದ್ದು ಆಮೇಲೆ. ನಮ್ಮ ಎಮ್ಮೆಗಳದೂ ಅದೇ ಕೆಲಸ.

## ಜಾಮ್ ಆಗಿರುವುದು ಕಡ್ಡಿಯೋ, ಥ್ರೆಡ್ಡೋ?

"ಪಿನ್ ಜಾಮ್" ಎಂದರೆ ಎರಡು ಬೇರೆ ತೊಂದರೆಗಳಿರಬಹುದು. ಕೀ ಹಾಕುವ ಮೊದಲು ಯಾವುದು ಅಂತ ತಿಳಿದುಕೊಳ್ಳಬೇಕು.

ನಡುವಿನ ಕಡ್ಡಿಯನ್ನು ಮೊಳೆಯ ತುದಿಯಿಂದ ಮೆಲ್ಲಗೆ ಒತ್ತಿ. ಒಳಗೆ ಹೋಗಿ, ಬಿಟ್ಟ ಕೂಡಲೇ ಪುಟಿದು ಬಂದರೆ ಕಡ್ಡಿ ಸರಿಯಿದೆ. ಒಳಗೆ ಹೋಗಿ ಅಲ್ಲೇ ನಿಂತರೆ, ಇಲ್ಲವೇ ನಿಧಾನಕ್ಕೆ ಮೇಲೆ ಬಂದರೆ, ಸ್ಪ್ರಿಂಗ್ ಸೋತಿದೆ ಅಥವಾ ಕಸ ಸೇರಿದೆ. ಆಗ ಗಾಳಿ ಹೋಗುತ್ತದೆ, ನಿಲ್ಲುವುದಿಲ್ಲ. ಚಿಕ್ಕಪ್ಪನ ಮುಂದಿನ ಚಕ್ರದ ಕಥೆ ಇದು. ಕಡ್ಡಿ ಅಲುಗಾಡಲೇ ಇಲ್ಲ ಎಂದರೆ ಗಾಳಿ ಒಳಗೂ ಹೋಗದು, ಹೊರಗೂ ಬರದು. ಅದು ಹಿಂದಿನ ಚಕ್ರ. ಪಂಚರ್ ನಿಲ್ಲಿಸುವ ಲಿಕ್ವಿಡ್ ಹಾಕಿಸಿದ ಟ್ಯೂಬ್‌ಲೆಸ್ ಗಾಡಿಗಳಲ್ಲೂ ಕಡ್ಡಿ ಹೀಗೆ ಅಂಟಿಕೊಳ್ಳುತ್ತದೆ. ಆದರೆ ಅಲ್ಲಿ ಕಿಲುಬಲ್ಲ, ಒಣಗಿದ ಅಂಟು. ಅಂಥ ಪಿನ್ ಥ್ರೆಡ್ಡಿನಲ್ಲಿ ಸಲೀಸಾಗಿ ತಿರುಗುತ್ತದೆ, ಬಿಚ್ಚಿ ಹೊಸದು ಹಾಕಿದರೆ ಮುಗಿಯಿತು.

ಕಡ್ಡಿ ಹೇಗೇ ಇರಲಿ, ತಲೆಯೇ ತಿರುಗದಿದ್ದರೆ ಥ್ರೆಡ್ ಕಿಲುಬು ಹಿಡಿದಿದೆ ಎಂದು ಅರ್ಥ. ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಹಸಿರು ಕಾಣುತ್ತದೆ.

## ಕೀ ಹೇಗಿರುತ್ತದೆ

ಪಿನ್ನಿನ ತಲೆಗೆ ಎರಡು ಕಡೆ ಚಪ್ಪಟೆ ಕಿವಿಗಳಿವೆ, ನಡುವೆ ಕಡ್ಡಿ. ಕೀ ಅಂದರೆ ತುದಿಯಲ್ಲಿ ಸೀಳು ಇರುವ ಸಣ್ಣ ಕೊಳವೆ. ಸೀಳು ಎರಡು ಕಿವಿಗಳನ್ನು ಕಚ್ಚಬೇಕು, ಕಡ್ಡಿ ಕೊಳವೆಯ ತೂತಿನೊಳಗೆ ಹೋಗಬೇಕು. ಕೆಲವು ಲೋಹದ ಕ್ಯಾಪುಗಳ ನೆತ್ತಿಯಲ್ಲೇ ಇಂಥ ಸೀಳು ಇರುತ್ತದೆ. ಸಲೀಸಾದ ಪಿನ್ನಿಗೆ ಅದೂ ನಡೆಯುತ್ತದೆ, ಜಾಮ್ ಆದದ್ದಕ್ಕೆ ಬೇಡ. ಅದರ ಸೀಳು ಅಗಲವಾಗಿ ಜಾರುತ್ತದೆ.

ಸ್ಕ್ರೂಡ್ರೈವರ್ ಹಾಗೆ ಹಿಡಿಕೆ ಇರುವ ಕೀ ಒಳ್ಳೆಯದು. ಅದರ ಜೊತೆಗೆ ನಾಲ್ಕು ತುದಿಯ, ಅಧಿಕ ಚಿಹ್ನೆಯ ಆಕಾರದ ಇನ್ನೊಂದು ಕೀ ಸಿಗುತ್ತದೆ. ಒಂದು ತುದಿ ಪಿನ್ ಬಿಚ್ಚಲು, ಒಂದು ಕೊಳವೆಯ ಒಳ ಥ್ರೆಡ್ ತಿದ್ದಲು, ಒಂದು ಕ್ಯಾಪ್ ಕೂರುವ ಹೊರ ಥ್ರೆಡ್ ತಿದ್ದಲು, ಇನ್ನೊಂದು ತಲೆ ಮುರಿದ ಪಿನ್ನನ್ನು ಕಚ್ಚಿ ಎಳೆಯಲು. ಕೊಳ್ಳುವಾಗ ಸೀಳಿನ ಅಂಚನ್ನು ನೋಡಿ. ಚೂಪಾಗಿ, ಚೌಕವಾಗಿ ಇರಬೇಕು. ಮೆತ್ತನೆ ಲೋಹದ ಅಗ್ಗದ ಕೀ ಎರಡು ಸಲ ಬಲ ಹಾಕಿದರೆ ಬಾಯಿ ಬಿಡುತ್ತದೆ. ಆಮೇಲೆ ಕಿವಿಗಳನ್ನು ಸವೆಸುತ್ತದೆ. ಕಿವಿ ಹೋದರೆ ಕೆಲಸ ಅರ್ಧ ಕೆಟ್ಟಂತೆ.

## ಮೊದಲು ಗಾಳಿ ಬಿಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬೈಕಿನ ಟೈರಿನಲ್ಲಿ 30 ಪಿ.ಎಸ್.ಐ. ಗಾಳಿ ಇದ್ದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.1 ಕೆ.ಜಿ. ಒತ್ತಡ. ಪಿನ್ನಿನ ಅಡ್ಡ ಅಳತೆ 5.3 ಮಿಲಿಮೀಟರ್, ಅಂದರೆ 0.22 ಚದರ ಸೆಂಟಿಮೀಟರ್. ಗುಣಿಸಿದರೆ ಹತ್ತಿರತ್ತಿರ ಅರ್ಧ ಕೆ.ಜಿ. ಬಲ. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಒಂದೆರಡು ಗ್ರಾಮಿನ ಪಿನ್ನಿಗೆ ಹಿಂದಿನಿಂದ ಅರ್ಧ ಕೆ.ಜಿ. ಬಿದ್ದರೆ ಅದು ಕವಣೆ ಕಲ್ಲು. ನೀವು ಬಗ್ಗಿ ನೋಡುತ್ತಿರುತ್ತೀರಿ, ಎದುರಿಗೆ ಕಣ್ಣು. ಲಾರಿ ಟೈರಿನಲ್ಲಿ ಇದು ಮೂರು ಪಟ್ಟಿಗಿಂತ ಜಾಸ್ತಿ.

ಕಡ್ಡಿ ಒತ್ತಿ ಗಾಳಿ ಪೂರ್ತಿ ಬಿಡಿ. ಗಾಳಿ ಹೋದರೆ ಥ್ರೆಡ್ಡಿನ ಮೇಲಿನ ಭಾರವೂ ಇಳಿಯುತ್ತದೆ, ಬಿಚ್ಚಲು ಒಂಚೂರು ಸುಲಭ. ಅದಕ್ಕೂ ಮೊದಲು ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಕಾರಾದರೆ ಜಾಕ್ ಏರಿಸಿ. ಇಲ್ಲದಿದ್ದರೆ ಗಾಡಿಯ ಭಾರ ಬರಿದಾದ ಟೈರಿನ ಮೇಲೆ ಕೂರುತ್ತದೆ.

ಕಡ್ಡಿ ಒತ್ತಲು ಬರದೆ, ಟೈರಿನಲ್ಲಿ ಗಾಳಿಯೂ ಇದ್ದರೆ? ಮುಖ ಪಕ್ಕಕ್ಕೆ ಇಟ್ಟುಕೊಂಡು, ಕೀಯನ್ನು ಒಳಗೆ ಒತ್ತಿ ಹಿಡಿದೇ ತಿರುಗಿಸಬೇಕು. ಒಂದು ಸುತ್ತು ಬರುವಷ್ಟರಲ್ಲಿ ವಾಷರ್ ಅಂಚಿನಿಂದ ಏಳುತ್ತದೆ, ಗಾಳಿ ಸುತ್ತಲಿಂದ ಸೀಟಿ ಹೊಡೆಯಲು ಶುರುವಾಗುತ್ತದೆ. ಅಲ್ಲೇ ನಿಲ್ಲಿಸಿ. ಸೀಟಿ ಪೂರ್ತಿ ನಿಂತ ಮೇಲೆ ಮುಂದಿನ ಸುತ್ತು.

## ಎಣ್ಣೆ, ಆಮೇಲೆ ಕಾಯುವುದು

ಜಾಮ್ ಆದ ಪಿನ್ ಬಿಡಿಸುವುದು ಬಲವಲ್ಲ, ಎಣ್ಣೆ ಮತ್ತು ಸಮಯ. ತುಕ್ಕು ಬಿಡಿಸುವ ತೆಳು ಎಣ್ಣೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸ್ಪ್ರೇ ಡಬ್ಬಿಯಲ್ಲಿ ಸಿಗುತ್ತದೆ. ಕೊಬ್ಬರಿ ಎಣ್ಣೆ, ಇಂಜಿನ್ ಆಯಿಲ್ ಮಂದ, ಅಷ್ಟು ಸಣ್ಣ ಸಂದಿಗೆ ಇಳಿಯುವುದಿಲ್ಲ.

ಮೊದಲು ಹಳೇ ಟೂತ್‌ಬ್ರಶ್ಶಿನಿಂದ ವಾಲ್ವಿನ ಬಾಯಿ ತಿಕ್ಕಿ, ಮಣ್ಣು ಊದಿ ತೆಗೆಯಿರಿ. ಮಣ್ಣಿನ ಮೇಲೆ ಎಣ್ಣೆ ಬಿಟ್ಟರೆ ಅದು ಕೆಸರಾಗಿ ಥ್ರೆಡ್ಡಿಗೆ ಇಳಿಯುತ್ತದೆ.

ಈಗ ಒಂದು ಸಣ್ಣ ಉಪಾಯ. ಚಕ್ರವನ್ನು ತಿರುಗಿಸಿ ವಾಲ್ವನ್ನು ಅಡಿಗೆ, ನೆಲದ ಕಡೆಗೆ ತನ್ನಿ. ವಾಲ್ವ್ ರಿಮ್ಮಿನಿಂದ ಚಕ್ರದ ನಡುವಿಗೆ ಮುಖ ಮಾಡಿರುತ್ತದೆ ತಾನೆ? ಅದು ಅಡಿಯಲ್ಲಿದ್ದಾಗ ಬಾಯಿ ಆಕಾಶ ನೋಡುತ್ತದೆ. ಆಗ ಎರಡು ಮೂರು ಹನಿ ಬಿಟ್ಟರೆ ಅಲ್ಲೇ ನಿಂತು ಥ್ರೆಡ್ಡಿಗೆ ಇಳಿಯುತ್ತದೆ. ವಾಲ್ವ್ ಮೇಲಿದ್ದರೆ ಎಣ್ಣೆ ಕೈಗೆ, ನೆಲಕ್ಕೆ. ಥ್ರೆಡ್ ವಾಷರಿನ ಹೊರಗಡೆ ಇದೆ ಎಂದು ಮೊದಲೇ ಹೇಳಿದ್ದೆ. ಅದೇ ಕಾರಣಕ್ಕೆ ಕಿಲುಬು ಹತ್ತಿತು. ಅದೇ ಕಾರಣಕ್ಕೆ ಎಣ್ಣೆಗೂ ದಾರಿ ನೇರವಾಗಿದೆ.

ಹನಿಗಿಂತ ಜಾಸ್ತಿ ಬೇಡ. ಎಣ್ಣೆ, ಸೀಮೆಎಣ್ಣೆ, ಡೀಸೆಲ್ ಯಾವುದೂ ರಬ್ಬರಿಗೆ ಆಗಿಬರುವುದಿಲ್ಲ, ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಹೊರಗೆ ಸೋರಿದ್ದನ್ನು ಆಗಲೇ ಬಟ್ಟೆಯಿಂದ ಒರೆಸಿ.

ಸಾಧಾರಣ ಕಿಲುಬಿಗೆ ಅರ್ಧ ಗಂಟೆ ಸಾಕು. ಕೀಯ ಹಿಡಿಕೆಯಿಂದ ವಾಲ್ವಿನ ಪಕ್ಕಕ್ಕೆ ಆಗಾಗ ಟಕ್ ಟಕ್ ಎಂದು ಮೆಲ್ಲಗೆ ತಟ್ಟಿದರೆ ಎಣ್ಣೆ ಇಳಿಯಲು ಸಹಾಯ. ಚಿಕ್ಕಪ್ಪನ ಬೈಕಿಗೆ ನಾನು ಸಂಜೆ ಬಿಟ್ಟು ರಾತ್ರಿಯೆಲ್ಲ ಇಟ್ಟೆ. ಮಲಗುವ ಮುಂಚೆ ಇನ್ನೊಂದು ಹನಿ.

ಬೆಂಕಿ ತೋರಿಸಬೇಡಿ. ಕೆಲವರು ಲೈಟರ್ ಹಿಡಿಯುತ್ತಾರೆ. ಎಣ್ಣೆ ಹತ್ತಿಕೊಳ್ಳಬಹುದು, ಬುಡದ ರಬ್ಬರ್ ಅಂಟು ಬಿಡಬಹುದು. ಪ್ರಯೋಜನವೂ ಕಡಿಮೆ. ಕೊಳವೆಯೂ ಹಿತ್ತಾಳೆ, ಪಿನ್ನಿನ ತಲೆಯೂ ಹಿತ್ತಾಳೆ. ಎರಡೂ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ, ಸಂದಿ ಜಾಸ್ತಿಯಾಗುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿದರೆ ಎಣ್ಣೆ ತೆಳ್ಳಗಾಗಿ ಹರಿಯುತ್ತದೆ, ಅಷ್ಟು ಸಾಕು.

## ತಿರುಗಿಸುವುದು

ಕೀಯನ್ನು ನೇರವಾಗಿ ಒಳಗಿಟ್ಟು ಎಡಕ್ಕೂ ಬಲಕ್ಕೂ ಹುಡುಕಿ. ಸೀಳು ಕಿವಿಗಳ ಮೇಲೆ ಬಿದ್ದಾಗ ಕೀ ಒಂದಿಷ್ಟು ಕೆಳಗೆ ಇಳಿದದ್ದು ಕೈಗೆ ಗೊತ್ತಾಗುತ್ತದೆ. ಇಳಿಯದಿದ್ದರೆ ಕಿವಿಯ ಪಕ್ಕ ಕಿಲುಬು ತುಂಬಿದೆ. ಸೂಜಿಯಿಂದ ಕೆರೆದು ತೆಗೆಯಿರಿ. ಅರ್ಧ ಕೂತ ಕೀಯನ್ನು ತಿರುಗಿಸುವುದೇ ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು.

ಇನ್ನೊಂದು ಕೈ ವಾಲ್ವನ್ನು ಹಿಡಿದಿರಬೇಕು. ಇಲ್ಲದಿದ್ದರೆ ಪಿನ್ ತಿರುಗುವ ಬದಲು ವಾಲ್ವೇ ತಿರುಚಿಕೊಂಡು ಬುಡದ ರಬ್ಬರ್ ಹರಿಯುತ್ತದೆ. ಕೈ ಸಾಲದಿದ್ದರೆ ಚರ್ಮದ ತುಂಡು ಅಥವಾ ದಪ್ಪ ಬಟ್ಟೆ ಸುತ್ತಿ ಪ್ಲೈಯರಿನಿಂದ ಹಿಡಿಯಿರಿ. ಕ್ಯಾಪ್ ಕೂರುವ ಥ್ರೆಡ್ಡಿಗೆ ಪ್ಲೈಯರ್ ಹಲ್ಲು ತಾಗಬಾರದು.

ಮೊದಲ ತಿರುವು ಬಲಕ್ಕೆ, ಬಿಗಿ ಮಾಡುವ ಕಡೆಗೆ, ಒಂದು ಕೂದಲೆಳೆಯಷ್ಟು. ವಿಚಿತ್ರ ಅನಿಸಬಹುದು. ಉದ್ದೇಶ ಕಿಲುಬಿನ ಪದರವನ್ನು ಒಡೆಯುವುದು. ಬಾಗಿಲ ಚಿಲಕ ಕಚ್ಚಿಕೊಂಡಾಗ ಮೊದಲು ಬಾಗಿಲನ್ನು ಒಳಕ್ಕೆ ತಳ್ಳಿ ಆಮೇಲೆ ಎಳೆಯುತ್ತೇವಲ್ಲ, ಹಾಗೆ. ಬಳಿಕ ಕೀಯನ್ನು ಒತ್ತಿ ಹಿಡಿದೇ ಎಡಕ್ಕೆ. ಬಾರದಿದ್ದರೆ ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಒಂದೇ ಸಲ ಜೋರು ಮಾಡಬೇಡಿ.

ಎಷ್ಟು ಬಲ ಅನ್ನುವುದಕ್ಕೆ ಒಂದು ಅಂದಾಜು. ಹೊಸ ಪಿನ್ ಕೂರಿಸಲು ಬೇಕಾದ ಬಿಗಿ ಅರ್ಧ ನ್ಯೂಟನ್ ಮೀಟರಿನ ಒಳಗೆ. ಅಂಗಡಿಯ ನೀರಿನ ಬಾಟಲಿಯ ಮುಚ್ಚಳ ಮೊದಲ ಸಲ ತೆಗೆಯಲೂ ಅದಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಬೆರಳುಗಳಿಂದ ಬಾರದ ಪಿನ್ ಮುಷ್ಟಿಯಿಂದ ತಿರುಚಿದರೆ ಬರುತ್ತದೆ ಎಂದು ತಿಳಿಯಬೇಡಿ, ಕಿವಿ ಮುರಿಯುತ್ತದೆ. ಇನ್ನೊಂದು ಹನಿ ಎಣ್ಣೆ, ಇನ್ನರ್ಧ ಗಂಟೆ.

ಬೆಳಗ್ಗೆ ಮುಂದಿನ ಚಕ್ರದ್ದು ಬಂತು. ನಾಲ್ಕನೇ ಸಲ ಎಡಕ್ಕೆ ತಿರುಗಿಸಿದಾಗ ಕೀಯ ಹಿಡಿಕೆಯಲ್ಲಿ ಟಿಕ್ ಎಂದಿತು. ಕಿವಿಗಿಂತ ಬೆರಳಿಗೆ ಚೆನ್ನಾಗಿ ಕೇಳುವ ಸದ್ದು ಅದು. ಕಿಲುಬು ಒಡೆದಾಗ ಟಿಕ್ ಎಂದ ಮೇಲೆ ಒಂದೇ ಸಮನೆ ಗಟ್ಟಿಯಾಗಿ ತಿರುಗುತ್ತದೆ. ಕಿವಿ ಮುರಿದಿದ್ದರೆ ಟಿಕ್ ಎಂದ ಮೇಲೆ ಕೀ ಸಡಿಲವಾಗಿ ಓಡುತ್ತದೆ. ಇಲ್ಲಿ ಗಟ್ಟಿಯಾಗಿತ್ತು. ಅರ್ಧ ಸುತ್ತು ಎಡಕ್ಕೆ, ಕಾಲು ಸುತ್ತು ಬಲಕ್ಕೆ. ಹಸಿರು ಎಣ್ಣೆ ಮೇಲೆ ಉಕ್ಕಿತು. ಪೂರ್ತಿ ಹೊರಬರಲು ನಾಲ್ಕೈದು ಸುತ್ತು ಅಷ್ಟೆ.

ತಲೆ ಮಾತ್ರ ಸಡಿಲಾಗಿ ಪಿನ್ ಏಳದಿದ್ದರೂ ಗಾಬರಿ ಬೇಡ. ಪಿನ್ನಿನ ತಲೆ ಮತ್ತು ಕೆಳಭಾಗ ಒಂದಕ್ಕೊಂದು ತಿರುಗುವ ಹಾಗೆ ಜೋಡಿಸಿರುತ್ತಾರೆ, ಬಿಗಿ ಮಾಡುವಾಗ ವಾಷರ್ ಉಜ್ಜಿ ಹೋಗದಿರಲಿ ಎಂದು. ಹಳೇ ವಾಷರ್ ಅಂಚಿಗೆ ಅಂಟಿಕೊಂಡಿರುತ್ತದೆ. ಥ್ರೆಡ್ ಪೂರ್ತಿ ಬಿಟ್ಟ ಮೇಲೆ ಕಡ್ಡಿಯನ್ನು ಚಿಕ್ಕ ಪ್ಲೈಯರಿನಿಂದ ಹಿಡಿದು ನೇರಕ್ಕೆ ಎಳೆದರೆ ಬರುತ್ತದೆ.

## ಕಿವಿ ಮುರಿದರೆ

ಹಿಂದಿನ ಚಕ್ರದಲ್ಲಿ ಎರಡನೇ ಬಗೆಯ ಟಿಕ್ ಆಯಿತು, ಸಡಿಲವಾದದ್ದು. ಬಲ ಹಾಕಿರಲೇ ಇಲ್ಲ. ಹೊರಗೆ ಬಿದ್ದ ಕಿವಿಯ ಚೂರನ್ನು ಅಂಗೈಯಲ್ಲಿಟ್ಟು ನೋಡಿದೆ. ಆಗಷ್ಟೇ ಮುರಿದ ಹಿತ್ತಾಳೆ ಹಳದಿಯಾಗಿ ಹೊಳೆಯಬೇಕು. ಇಲ್ಲಿ ಮುರಿದ ಮುಖದ ಮುಕ್ಕಾಲು ಭಾಗ ಕಂದು, ಒಂದು ಅಂಚು ಮಾತ್ರ ಹಳದಿ. ಅಂದರೆ ಬಿರುಕು ಹಳೆಯದು. ಮುಕ್ಕಾಲು ಭಾಗ ಮೊದಲೇ ಹೋಗಿತ್ತು, ನಾನು ಮುರಿದದ್ದು ಕಾಲು ಭಾಗ. ಚಿಕ್ಕಪ್ಪ ನೋಡಿ, "ಹಂಗಾದ್ರ ಎಮ್ಮಿದು ಮುಕ್ಕಾಲು, ನಿಂದು ಕಾಲು" ಅಂದರು.

ಒಂದು ಕಿವಿ ಉಳಿದಿದ್ದರೆ ಒಂದು ಪ್ರಯತ್ನವಿದೆ. ನಾಲ್ಕು ತುದಿಯ ಕೀಯಲ್ಲಿ ಎಳೆಯುವ ತುದಿಯನ್ನು ತಲೆಯ ನಡುವೆ ಒತ್ತಿ ಎಡಕ್ಕೆ ತಿರುಗಿಸಬೇಕು. ಅದು ಲೋಹಕ್ಕೆ ಕಚ್ಚಿ, ತಿರುಗಿಸಿದಷ್ಟೂ ಬಿಗಿಯಾಗಿ, ಪಿನ್ನನ್ನು ತಿರುಗಿಸಿಕೊಂಡು ಬರುತ್ತದೆ. ಕಚ್ಚಬೇಕಾದರೆ ಲೋಹ ಗಟ್ಟಿಯಿರಬೇಕು. ನಮ್ಮದು ಪುಡಿಪುಡಿಯಾಗಿ ಉದುರಿತು. ಎರಡು ಸಲ ನೋಡಿ ಬಿಟ್ಟೆ.

ಡ್ರಿಲ್ ಹಾಕುವವರೂ ಇದ್ದಾರೆ. ಕೊಳವೆಯೊಳಗಿನ ಇಳಿಜಾರು ಅಂಚಿಗೆ ಡ್ರಿಲ್ ಒಂದು ಗೆರೆ ಎಳೆದರೂ ಸಾಕು, ಮುಂದೆ ಯಾವ ಹೊಸ ಪಿನ್ ಹಾಕಿದರೂ ಗಾಳಿ ಸೋರುತ್ತದೆ. ಹಿತ್ತಾಳೆ ಚೂರುಗಳು ಟ್ಯೂಬಿನೊಳಗೆ ಬೀಳುತ್ತವೆ, ಅವೇ ಒಳಗಿಂದ ಪಂಚರ್ ಮಾಡುತ್ತವೆ. ನನ್ನ ಲೆಕ್ಕದಲ್ಲಿ ಕಿವಿ ಎರಡೂ ಹೋದ ಮೇಲೆ ಬೈಕಿನ ಟ್ಯೂಬಿಗೆ ಇಷ್ಟು ಹೆಣಗುವುದು ದಂಡ. ಟ್ಯೂಬ್ ಬದಲಿಸಬೇಕು. ಟ್ಯೂಬ್‌ಲೆಸ್ ಆದರೆ ಟೈರನ್ನು ರಿಮ್ಮಿನ ಅಂಚಿನಿಂದ ಬಿಡಿಸಿ ವಾಲ್ವ್ ಮಾತ್ರ ಹೊಸದು ಎಳೆಯಬೇಕು, ಪಂಚರ್ ಅಂಗಡಿಯಲ್ಲಿ ಕಾಲು ಗಂಟೆ ಕೆಲಸ. ಅಂಗಡಿಯವನು ಮೊದಲೇ ಹೇಳಿದ್ದು ಹಿಂದಿನ ಚಕ್ರದ ಮಟ್ಟಿಗೆ ಸರಿಯಾಗಿತ್ತು ಎಂದು ಒಪ್ಪಲೇಬೇಕು.

## ಕಾರಿನವರಿಗೆ ಒಂದು ಮಾತು

ಟೈರಿನಲ್ಲಿ ಗಾಳಿ ಕಡಿಮೆಯಾದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುವ ಕಾರುಗಳಲ್ಲಿ ಟೈರಿನೊಳಗೆ ಸೆನ್ಸರ್ ಇರಬಹುದು. ಅಂಥ ಕೆಲವದರಲ್ಲಿ ವಾಲ್ವ್ ಅಲ್ಯುಮಿನಿಯಂನದು. ಅದಕ್ಕೆ ಸಾದಾ ಹಿತ್ತಾಳೆ ಪಿನ್ ಹಾಕಿದರೆ ತೊಂದರೆ ಜಾಸ್ತಿ. ಎರಡು ಬೇರೆ ಲೋಹ, ನಡುವೆ ಉಪ್ಪು ನೀರು ಸಿಕ್ಕರೆ ಅದೊಂದು ಪುಟ್ಟ ಬ್ಯಾಟರಿ. ಸವೆಯುವುದು ಅಲ್ಯುಮಿನಿಯಂ. ಹಸಿರಿನ ಬದಲು ಬಿಳಿ ಪುಡಿ ಕಟ್ಟುತ್ತದೆ, ಪಿನ್ ಬೆಸುಗೆ ಹಾಕಿದ ಹಾಗೆ ಕೂರುತ್ತದೆ. ಅದಕ್ಕೆಂದೇ ನಿಕಲ್ ಲೇಪದ, ಬೆಳ್ಳಿ ಬಣ್ಣದ ಪಿನ್ ಬರುತ್ತದೆ. ಬಿಚ್ಚುವ ಕ್ರಮ ಇದೇ. ಆದರೆ ವಾಲ್ವ್ ತಿರುಚಿದರೆ ಹೋಗುವುದು ಸೆನ್ಸರ್, ಅದು ದುಬಾರಿ. ಎರಡು ಸಲ ಎಣ್ಣೆ ಬಿಟ್ಟೂ ಬಾರದಿದ್ದರೆ ಅಂಗಡಿಗೆ ಒಯ್ಯುವುದೇ ಜಾಣತನ.

## ಹೊಸ ಪಿನ್

ಬಿಚ್ಚಿದ ಪಿನ್ನನ್ನು ತೊಳೆದು ಮತ್ತೆ ಹಾಕಬೇಡಿ. ಹೊಸದರ ಬೆಲೆ ಒಂದೆರಡು ಚಹಾದ ದುಡ್ಡು. ನಾನು ನಾಲ್ಕು ಒಯ್ದಿದ್ದೆ.

ಮುಂದಿನ ವಾಲ್ವಿನ ಒಳ ಥ್ರೆಡ್ಡಿಗೆ ನಾಲ್ಕು ತುದಿಯ ಕೀಯ ಥ್ರೆಡ್ ತಿದ್ದುವ ತುದಿಯನ್ನು ಹಾಕಿ, ಬೆರಳಿನಿಂದಲೇ ನಿಧಾನಕ್ಕೆ ಓಡಿಸಿದೆ. ಈ ಸಲ ವಾಲ್ವನ್ನು ಚಕ್ರದ ಮೇಲ್ಭಾಗಕ್ಕೆ ತಂದು, ಬಾಯಿ ಕೆಳಗೆ ಮಾಡಿ. ಕಿಲುಬಿನ ಪುಡಿ ಒಳಗೆ ಹೋಗದೆ ನೆಲಕ್ಕೆ ಉದುರಿತು. ಬಟ್ಟೆಯ ಎಳೆ ಸುತ್ತಿದ ಕಡ್ಡಿಯಿಂದ ಎಣ್ಣೆ ಒರೆಸಿದೆ.

ಹೊಸ ಪಿನ್ನನ್ನು ಮೊದಲ ಎರಡು ಸುತ್ತು ಬರೀ ಬೆರಳಲ್ಲಿ ಕೀ ಹಿಡಿದು ಹಗುರವಾಗಿ ತಿರುಗಿಸಬೇಕು. ಥ್ರೆಡ್ ಓರೆಯಾಗಿ ಕಚ್ಚಿದರೆ ಆಗಲೇ ಗಟ್ಟಿ ಅನಿಸುತ್ತದೆ. ವಾಪಸ್ ತೆಗೆದು ನೇರ ಮಾಡಿ. ಕೊನೆಗೆ ವಾಷರ್ ಕೂತದ್ದು ಗೊತ್ತಾದ ಮೇಲೆ ಹೆಬ್ಬೆರಳು ತೋರುಬೆರಳಿನ ಬಲದಲ್ಲಿ ಒಂದು ಸಣ್ಣ ಬಿಗಿ. ಸಾಕು. ಕಡ್ಡಿಯ ತುದಿ ಈಗ ಹೆಚ್ಚುಕಡಿಮೆ ಕೊಳವೆಯ ಬಾಯಿಯ ಮಟ್ಟಕ್ಕೆ ಕಾಣಬೇಕು.

ಗಾಳಿ ಹೊಡೆದು ವಾಲ್ವಿನ ಬಾಯಿಗೆ ಸೋಪಿನ ನೀರು ಹಚ್ಚಿದೆವು. ನೊರೆ ನಿಂತಲ್ಲೇ ನಿಂತಿತ್ತು. ಎಂಜಲು ಹಚ್ಚಿ ನೋಡುವುದೂ ಇದೇ ಪರೀಕ್ಷೆ, ಆದರೆ ನಿಧಾನಕ್ಕೆ ಸೋರುವುದು ಅದರಲ್ಲಿ ಕಾಣುವುದಿಲ್ಲ. ಸೋಪಿನ ನೀರಿಗೆ ಒಂದು ನಿಮಿಷ ಕೊಡಬೇಕು. ಗುಳ್ಳೆ ಬಾಯಿಯ ನಡುವಿನಿಂದ ಎದ್ದರೆ ಪಿನ್, ವಾಲ್ವಿನ ಬುಡದಿಂದ ಎದ್ದರೆ ರಬ್ಬರ್.

ಹಿಂದಿನ ಚಕ್ರ ಬಿಚ್ಚಿ ಹರಿಹರಕ್ಕೆ ಒಯ್ದು ಟ್ಯೂಬ್ ಹಾಕಿಸಿದೆವು. ಹಳೇ ಟ್ಯೂಬಿನ ವಾಲ್ವನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ, ಅದೇ ಈ ಮೇಜಿನ ಮೇಲಿರುವುದು. ಚಿಕ್ಕಪ್ಪ ಅಂಗಡಿಯವನ ಹತ್ತಿರ ಆರು ಕ್ಯಾಪ್ ಕೇಳಿದರು. ಇರೋದು ಎರಡೇ ಚಕ್ರ ಅಲ್ವಾ ಅಂದೆ. "ನಾಲ್ಕು ಕಳೀತಾವಪಾ" ಅಂದರು. ಬೈಕು ಈಗ ಕೊಟ್ಟಿಗೆಯ ಹೊರಗೆ, ಹುಣಸೆ ಮರದ ಕೆಳಗೆ ನಿಂತಿದೆ.